ಮಾತು ಶುರು ಮಾಡೋಕೆ ಯಾವ ಒಗಟು? ನಾಲ್ಕು ಬಗೆಯ ಆಟಗಳ ಹೋಲಿಕೆ

ಹೊಸದಾಗಿ ಪರಿಚಯ ಆದವರಿಗೆ, ಅದರಲ್ಲೂ ಮನಸ್ಸಿಗೆ ಸ್ವಲ್ಪ ಹಿಡಿಸಿದವರಿಗೆ, ಮೊದಲ ಮೆಸೇಜ್ ಏನು ಕಳಿಸೋದು? ಜಾಸ್ತಿ ಜನ 'ಹಾಯ್' ಅಂತಾರೆ, ಇಲ್ಲ 'ಊಟ ಆಯ್ತಾ' ಅಂತಾರೆ. ಆ ಕಡೆಯಿಂದ 'ಹಾಯ್', 'ಆಯ್ತು, ನಿಮ್ದು?' ಅಂತ ಬರುತ್ತದೆ. ಅಲ್ಲಿಗೆ ಇಬ್ಬರಿಗೂ ಮುಂದೆ ಏನು ಅಂತ ತೋಚುವುದಿಲ್ಲ. ಇನ್ನು ಕೆಲವರು ನೇರವಾಗಿ ಹೊಗಳುತ್ತಾರೆ. ಹೊಗಳಿಕೆಗೆ 'ಥ್ಯಾಂಕ್ಸ್' ಬಿಟ್ಟು ಬೇರೆ ಉತ್ತರ ಕಷ್ಟ.

ಒಗಟು ಹಾಕಿದರೆ ಹಾಗಾಗುವುದಿಲ್ಲ. ಓದಿದವರ ತಲೆಯಲ್ಲಿ ಅದು ಸ್ವಲ್ಪ ಹೊತ್ತು ಕೂತಿರುತ್ತದೆ. ಅಮೆರಿಕದ ವಿದ್ವಾಂಸ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಒಂದು ಲೇಖನ ಬರೆದರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವಿನ ಸಂದಿಯೇ ಕುತೂಹಲ ಅನ್ನುವುದು ಅವರ ವಾದ. ಇದರಿಂದ ನಮಗೆ ಬೇಕಾದ ಮಾತು ಒಂದಿದೆ. ಸಂದಿ ಇರಬೇಕು, ಆದರೆ ದಾಟುವಷ್ಟು ಚಿಕ್ಕದಾಗಿರಬೇಕು. ಏನೂ ತಲೆಬುಡ ಗೊತ್ತಾಗದ ಒಗಟಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 'ಇದು ಎಲ್ಲೋ ಕೇಳಿದ ಹಾಗಿದೆಯಲ್ಲ' ಅನ್ನಿಸುವ ಒಗಟನ್ನು ಬಿಡೋಕೆ ಮನಸ್ಸಾಗುವುದಿಲ್ಲ.

ಪ್ರೀತಿಗೂ ಒಗಟಿಗೂ ನಮ್ಮಲ್ಲಿ ನಂಟು ಹಳೆಯದು. ಮದುವೆ ಮನೆಯಲ್ಲಿ ಮದುಮಗಳನ್ನು ಬಾಗಿಲಲ್ಲೇ ತಡೆದು 'ಗಂಡನ ಹೆಸರು ಹೇಳಿ ಒಳಗೆ ಬಾ' ಅನ್ನುವ ರೂಢಿ ಇದೆ. ಬರೀ ಹೆಸರು ಹೇಳಿದರೆ ಸಾಲದು, ಒಂದು ಪದ್ಯದಲ್ಲಿ ಸೇರಿಸಿ ಹೇಳಬೇಕು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಒಡಪು ಅಂತಾರೆ, ಮೈಸೂರು ಕಡೆ ಒಗಟಿನಲ್ಲಿ ಹೆಸರು ಹೇಳು ಅಂತಾರೆ. ಮಜಾ ಇರುವುದು ಹೆಸರಿನಲ್ಲಿ ಅಲ್ವೇ ಅಲ್ಲ, ಅದು ಎಲ್ಲರಿಗೂ ಗೊತ್ತು. ಸುತ್ತಿ ಬಳಸಿ ಅದರ ಹತ್ತಿರ ಬರುವ ರೀತಿಯಲ್ಲಿ ಇರುವುದು. ಚಾಟ್‌ನಲ್ಲೂ ಅಷ್ಟೇ.

ಹಾಗಂತ ಎಲ್ಲ ಒಗಟೂ ಈ ಕೆಲಸಕ್ಕೆ ಬರುವುದಿಲ್ಲ. ನಾನು ಆರಿಸುವಾಗ ನೋಡುವುದು ಎರಡೇ ವಿಷಯ. ಒಂದು, ತಪ್ಪು ಉತ್ತರ ಕೊಟ್ಟರೂ ಅದು ಖುಷಿ ಕೊಡುವ ಮೆಸೇಜ್ ಆಗುತ್ತದೆಯೇ? ಎರಡು, ಅವರು ತಿರುಗಿಸಿ ನಮಗೂ ಒಂದು ಹಾಕೋಕೆ ಸುಲಭವೇ? ಎರಡಕ್ಕೂ ಹೌದು ಅಂತಾದರೆ ಆಟ ನಡೆಯುತ್ತದೆ. ಒಗಟು ಎಷ್ಟು ಜಾಣತನದ್ದು ಅನ್ನುವುದು ನಿಜಕ್ಕೂ ಲೆಕ್ಕಕ್ಕೆ ಬರುವುದಿಲ್ಲ. ಈ ಅಳತೆಯಲ್ಲಿ ನಾಲ್ಕು ಬಗೆಗಳನ್ನು ಇಟ್ಟು ನೋಡೋಣ: ಹಳ್ಳಿ ಒಗಟು, ಎಮೋಜಿಯಲ್ಲಿ ಗಾದೆ, ಎರಡು ನಿಜ ಒಂದು ಸುಳ್ಳು, ಮತ್ತು ಶಾಲೆಯಲ್ಲಿ ಆಡುತ್ತಿದ್ದ ಕೌಸ್ ಅಂಡ್ ಬುಲ್ಸ್.

ಹಳ್ಳಿ ಒಗಟು

ನನ್ನ ಮೊದಲ ಆಯ್ಕೆ ಇದೇ. ಒಂದೇ ಸಾಲು, ಕೇಳೋಕೆ ಚೆಂದ, ಅಜ್ಜಿಯ ನೆನಪು ತರುತ್ತದೆ. ಆದರೆ ಆರಿಸುವುದರಲ್ಲೇ ಎಲ್ಲ ಇದೆ. 'ನೋಡಿದರೆ ಕಲ್ಲು, ನೀರು ಹಾಕಿದರೆ ಮಣ್ಣು' ಅನ್ನುವ ಒಗಟು ಚೆನ್ನಾಗಿಯೇ ಇದೆ. ಉತ್ತರ ಸುಣ್ಣ. ಸರಿ, ಸುಣ್ಣ ಅಂತ ಗೊತ್ತಾದ ಮೇಲೆ ಏನು ಮಾತಾಡುವುದು? 'ಸುಟ್ಟ ಹೆಣವನ್ನೇ ಮತ್ತೆ ಸುಡ್ತಾರೆ' ಅಂದರೆ ಇದ್ದಿಲು. ಮೊದಲ ದಿನವೇ ಹೆಣದ ಮಾತು ಬೇಡ. ಹಾಗಾಗಿ ಒಗಟನ್ನು ಉತ್ತರದಿಂದ ಹಿಂದಕ್ಕೆ ನೋಡಿ ಆರಿಸಬೇಕು. ಉತ್ತರದ ವಸ್ತುವಿನಿಂದ ಇನ್ನೊಂದು ಮಾತು ಹುಟ್ಟಬೇಕು.

'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಮಲ್ಲಿಗೆಯ ಒಗಟು. ಮಲ್ಲಿಗೆಯಿಂದ ಮೈಸೂರಿಗೂ ಹೋಗಬಹುದು, ಉಡುಪಿಗೂ ಹೋಗಬಹುದು, 'ನಿಮಗೆ ಮಲ್ಲಿಗೆ ಇಷ್ಟವಾ, ಸಂಪಿಗೆಯಾ' ಅಂತಲೂ ಕೇಳಬಹುದು. 'ಗೂಡಿನಲ್ಲಿರುವ ಹಕ್ಕಿ ನಾಡೆಲ್ಲ ನೋಡುತ್ತೆ' ಅಂದರೆ ಕಣ್ಣು. ಇದರ ಮುಂದಿನ ಮಾತು ಯಾರಾದರೂ ಊಹಿಸಬಹುದು, ಅದಕ್ಕೇ ಇದನ್ನು ನಾನು ಸ್ವಲ್ಪ ಪರಿಚಯ ಆದ ಮೇಲೆ ಹಾಕುತ್ತೇನೆ. 'ಬಾ ಅಂದ್ರೆ ಬರಲ್ಲ, ಹೋಗು ಅಂದ್ರೆ ಹೋಗಲ್ಲ' ಮಳೆಯದು. ಇದಕ್ಕೆ ಬರುವ ತಪ್ಪು ಉತ್ತರಗಳೇ ಬಲು ಸೊಗಸು. ಬೆಕ್ಕು ಅಂತಾರೆ, ನಿದ್ದೆ ಅಂತಾರೆ, ತಮ್ಮ ಅಂತಾರೆ, 'ನನ್ನ ಮ್ಯಾನೇಜರ್' ಅಂತಲೂ ಅನ್ನಬಹುದು. ಒಂದೊಂದು ತಪ್ಪು ಉತ್ತರವೂ ಅವರ ಮನೆಯ ಕಿಟಕಿ ತೆರೆದ ಹಾಗೆ.

ಒಂದು ಆಟ ಹೇಗೆ ಸಾಗಬಹುದು ಅಂತ ಪೂರ್ತಿ ಬರೆದು ತೋರಿಸುತ್ತೇನೆ. ಒಬ್ಬ ಹುಡುಗ ಬೆಂಗಳೂರಿನವನು, ಹುಡುಗಿ ಧಾರವಾಡದವಳು ಅಂತ ಇಟ್ಟುಕೊಳ್ಳಿ.

— ಮೋಟು ಗೋಡೆ ಮೇಲೆ ದೀಪ ಉರೀತಾ ಇದೆ. ಏನದು ಹೇಳಿ ನೋಡೋಣ.
— ದೀಪಾವಳಿ ಹಣತೆ?
— ಹಣತೆ ಆಗಿದ್ರೆ ಗಾಳಿಗೆ ಆರಿ ಹೋಗ್ತಿತ್ತು. ಇದು ಆರಲ್ಲ.
— ಹಂಗಾದ್ರ ಗೇಟಿನ ಮ್ಯಾಲಿನ ಲೈಟು.
— ಅದಕ್ಕೆ ಕರೆಂಟ್ ಬೇಕು. ಇದಕ್ಕೆ ಬೇಡ. ಗೋಡೆಯ ಎರಡೂ ಕಡೆ ಒಂದೊಂದು ಕಿಟಕಿ ಇದೆ, ಉಸಿರಾಡೋಕೆ.
— ಅಯ್ಯ! ಮೂಗುಬಟ್ಟು!
— ಸಿಕ್ಕಿತಲ್ಲ! ಎರಡೇ ಸುಳಿವಿಗೆ.
— ಈಗ ನಂದು ತಗೋರಿ. ಊಟಕ್ಕ ಕುಂತವರು ಹನ್ನೆರಡು ಮಂದಿ, ಬಡಸಾವ್ರು ಇಬ್ಬರು. ಒಬ್ಬಾಂವ ಒಬ್ಬರಿಗೆ ಬಡಸೂದ್ರಾಗ ಇನ್ನೊಬ್ಬಾಂವ ಎಲ್ಲಾರಿಗೂ ಬಡಸಿರ್ತಾನ.

ಅವಳು ಹಾಕಿದ್ದು ಗಡಿಯಾರದ ಒಗಟು. ಹನ್ನೆರಡು ಅಂಕಿ, ಎರಡು ಮುಳ್ಳು. ಇಲ್ಲಿಗೆ ಇದು ಇಬ್ಬರ ಆಟ ಆಯಿತು. ಇನ್ನು ಮುಂದಿನ ಮೆಸೇಜಿಗೆ ಯಾರೂ ಮಾತು ಹುಡುಕಬೇಕಾಗಿಲ್ಲ.

ಹುಡುಗ ಸುಳಿವು ಕೊಟ್ಟ ರೀತಿ ಗಮನಿಸಿ. ಅವಳ ಹಣತೆಯನ್ನು 'ತಪ್ಪು' ಅಂತ ತಳ್ಳಲಿಲ್ಲ. ಅದನ್ನೇ ಹಿಡಿದು ಹೊಸ ಸುಳಿವು ಕೊಟ್ಟ. ಲೈಟು ಅಂದಾಗಲೂ ಹಾಗೇ ಮಾಡಿದ. ಒಗಟು ಹಾಕುವವರ ಕೈಚಳಕ ಇಲ್ಲಿದೆ. ಮೊದಲ ಸುಳಿವು ತಪ್ಪು ಉತ್ತರದಿಂದ ಹುಟ್ಟಬೇಕು, ಎರಡನೆಯದು ಜಾಗ ತೋರಿಸಬೇಕು, ಮೂರನೆಯದು ಬೇಕಾದರೆ ಮೊದಲ ಅಕ್ಷರ ಹೇಳಿಬಿಡಬೇಕು. ಮೂರಕ್ಕೂ ಸಿಗದಿದ್ದರೆ ಉತ್ತರವನ್ನೇ ಹೇಳಿ. ನಾಲ್ಕನೇ ಸುಳಿವಿನ ಹೊತ್ತಿಗೆ ಆಡುವವರಿಗೆ 'ನಾನು ದಡ್ಡ' ಅನ್ನಿಸೋಕೆ ಶುರುವಾಗುತ್ತದೆ. ಹಾಗೆ ಅನ್ನಿಸಿದವರು ಮತ್ತೆ ಆಟಕ್ಕೆ ಬರುವುದಿಲ್ಲ.

ಈ ಮೂಗುಬಟ್ಟಿನ ಒಗಟಿಗೆ ಒಂದು ಎಚ್ಚರಿಕೆ ಬೇಕು. ಅವರ ಫೋಟೋದಲ್ಲಿ ಮೂಗುಬಟ್ಟು ಕಾಣುತ್ತಿದ್ದರೆ, ಒಗಟು ಅವರ ಮುಖದ ಬಗ್ಗೆಯೇ ಆಗಿಬಿಡುತ್ತದೆ. ಕೆಲವರಿಗೆ ಅದು ಮುದ್ದಾಗಿ ಕಾಣಬಹುದು, ಇನ್ನು ಕೆಲವರಿಗೆ 'ಇವನು ಫೋಟೋ ದೊಡ್ಡದು ಮಾಡಿ ನೋಡಿದ್ದಾನೆ' ಅನ್ನಿಸಬಹುದು. ಮೊದಲ ಮೆಸೇಜ್ ಆದರೆ ಮಳೆ, ಮಲ್ಲಿಗೆ, ಗಡಿಯಾರ ಸುರಕ್ಷಿತ. ಇನ್ನು ನಮ್ಮ ಜನಪದದಲ್ಲಿ ಪೋಲಿ ಒಗಟುಗಳು ಬೇಕಾದಷ್ಟಿವೆ. ಕೇಳಿದರೆ ಅಶ್ಲೀಲ, ಉತ್ತರ ಮಾತ್ರ ಒನಕೆಯೋ ಬಳೆಯೋ ಏನೋ ಸಾದಾ ವಸ್ತು. ಗೆಳೆಯರ ಗುಂಪಲ್ಲಿ ಅವು ನಗಿಸುತ್ತವೆ. ಹೊಸಬರ ಹತ್ತಿರ ಹಾಕಿದರೆ ಅವರು ನಗಬೇಕೋ ಬ್ಲಾಕ್ ಮಾಡಬೇಕೋ ಅನ್ನುವ ಇಕ್ಕಟ್ಟಿಗೆ ಬೀಳುತ್ತಾರೆ. 'ಉತ್ತರ ಸಾದಾನೇ ಅಲ್ವಾ' ಅನ್ನುವ ಸಮರ್ಥನೆ ಅಲ್ಲಿ ನಡೆಯುವುದಿಲ್ಲ. ನಿಮ್ಮ ಉದ್ದೇಶ ಅವರಿಗೆ ಗೊತ್ತಾಗಿರುತ್ತದೆ.

ಹಳ್ಳಿ ಒಗಟಿನ ನಿಜವಾದ ಕೊರತೆ ಒಂದೇ. ಹೆಸರಾದ ಒಗಟುಗಳೆಲ್ಲ ಗೂಗಲ್‌ನಲ್ಲಿ ಸಿಗುತ್ತವೆ. ಒಂದು ನಿಮಿಷದಲ್ಲಿ ಸರಿ ಉತ್ತರ ಬಂದು ಬಿಟ್ಟರೆ ಆಟವೇ ಇಲ್ಲ. ಇದಕ್ಕೆ ಮದ್ದು ಅಂದರೆ ನೀವೇ ಒಂದು ಕಟ್ಟುವುದು. ಕಟ್ಟುವುದು ಅಂದುಕೊಂಡಷ್ಟು ಕಷ್ಟ ಅಲ್ಲ, ಹಳೆಯ ಒಗಟುಗಳೇ ದಾರಿ ತೋರಿಸುತ್ತವೆ. ಅವು ಹೇಗೆ ಕೆಲಸ ಮಾಡುತ್ತವೆ ನೋಡಿ. ವಸ್ತುವಿನ ಭಾಗಗಳಿಗೆ ಮನೆ, ಊರು, ಪ್ರಾಣಿ, ನೆಂಟರ ಹೆಸರಿಡುತ್ತವೆ. ಮೂಗು ಗೋಡೆ ಆಗುತ್ತದೆ, ಗಡಿಯಾರದ ಮುಳ್ಳು ಬಡಿಸುವವನಾಗುತ್ತದೆ. ಆಮೇಲೆ ಒಂದು ವಿಚಿತ್ರ ಸೇರಿಸುತ್ತವೆ. ಮೊಸರು ಗಿಡದ ಮೇಲೆ ಯಾಕೆ ಚೆಲ್ಲಿತು? ಗೂಡಲ್ಲಿ ಕೂತ ಹಕ್ಕಿ ನಾಡನ್ನು ಹೇಗೆ ನೋಡಿತು?

ಈಗ ಅವರ ಪ್ರೊಫೈಲ್‌ನಲ್ಲಿ 'ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗಲ್ಲ' ಅಂತ ಇದೆ ಅನ್ನಿ. ಕಾಫಿ ಫಿಲ್ಟರಿನ ಭಾಗಗಳನ್ನು ನೋಡೋಣ. ಮೇಲಿನ ಪಾತ್ರೆಯಲ್ಲಿ ಪುಡಿ, ಕೆಳಗಿನದರಲ್ಲಿ ಡಿಕಾಕ್ಷನ್, ನಡುವೆ ತೂತುಗಳು. ಪುಡಿಯನ್ನು ಮಣ್ಣು ಅನ್ನೋಣ, ಡಿಕಾಕ್ಷನ್ ಕೆರೆ, ತೂತು ಕಿಟಕಿ. ವಿಚಿತ್ರ ಏನು? ಮಳೆ ಮಹಡಿಯಲ್ಲಿ ಬಿದ್ದರೆ ಕೆರೆ ಕೆಳಗೆ ತುಂಬುತ್ತದೆ. ಸೇರಿಸಿದರೆ ಹೀಗಾಗುತ್ತದೆ: 'ಮಹಡಿ ಮನೆಯಲ್ಲಿ ಬಿಸಿ ಮಳೆ, ಕೆಳಮನೆಯಲ್ಲಿ ಕಪ್ಪು ಕೆರೆ, ನಡುವೆ ನೂರು ಕಿಟಕಿ, ಒಂದೂ ಬಾಗಿಲಿಲ್ಲ.' ಇದು ಎಲ್ಲೂ ಹುಡುಕಿದರೆ ಸಿಗುವುದಿಲ್ಲ. ಉತ್ತರ ಸಿಕ್ಕ ತಕ್ಷಣ ಅವರಿಗೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ, ಇದನ್ನು ತನಗೋಸ್ಕರವೇ ಕಟ್ಟಿದ್ದು ಅಂತ. ಮುಖದ ಬಗ್ಗೆ ಒಂದು ಮಾತಾಡದೆ, ಅವರು ಬರೆದದ್ದನ್ನು ಗಮನ ಇಟ್ಟು ಓದಿದ್ದೀರಿ ಅಂತ ತೋರಿಸಿದ ಹಾಗಾಯಿತು. ನನ್ನ ಪ್ರಕಾರ ಇದಕ್ಕಿಂತ ಸೊಗಸಾದ ಹೊಗಳಿಕೆ ಇಲ್ಲ.

ಎಮೋಜಿಯಲ್ಲಿ ಗಾದೆ

ಎಮೋಜಿ ಇಟ್ಟು ಸಿನಿಮಾ ಹೆಸರು ಊಹಿಸುವ ಆಟ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ತೊಂದರೆ ಇದೆ. ಅವರು ಆ ಸಿನಿಮಾ ನೋಡಿರದಿದ್ದರೆ ಆಟ ಅಲ್ಲೇ ನಿಂತಿತು. ಗಾದೆಗೆ ಆ ಸಮಸ್ಯೆ ಕಮ್ಮಿ. ಕನ್ನಡ ಮನೆಯಲ್ಲಿ ಬೆಳೆದವರಿಗೆ ಒಂದಿಪ್ಪತ್ತು ಗಾದೆ ಕಿವಿಗೆ ಬಿದ್ದೇ ಇರುತ್ತವೆ.

🔔🐘 ಅಂತ ಕಳಿಸಿ. 'ಆನೆ ಬರೋಕೆ ಮುಂಚೆ ಗಂಟೆ ಸದ್ದು' ಅನ್ನೋದು ಬೇಗ ಹೊಳೆಯುತ್ತದೆ. ✋🪞 ಇನ್ನೂ ಸುಲಭ, 'ಅಂಗೈ ಹುಣ್ಣಿಗೆ ಕನ್ನಡಿ ಬೇಕೇ'. 🌿❌💊 ಅಂದರೆ 'ಹಿತ್ತಲ ಗಿಡ ಮದ್ದಲ್ಲ'. ಇದರಲ್ಲಿ ಒಂದು ಕ್ರಮ ಇದೆ. ಎರಡು ಅಥವಾ ಮೂರು ಎಮೋಜಿ ಸಾಕು. ಐದಾರು ಇಟ್ಟರೆ ಅದನ್ನು ಓದುವುದೇ ಒಂದು ಕೆಲಸ ಆಗುತ್ತದೆ. ಆದಷ್ಟು ನಾಮಪದಗಳನ್ನೇ ಇಡಿ. 'ಬೇಕೇ', 'ಮುಂಚೆ' ಇಂಥವನ್ನು ಎಮೋಜಿಯಲ್ಲಿ ಹೇಳೋಕೆ ಹೋಗಬೇಡಿ, ಅದು ಯಾರಿಗೂ ಅರ್ಥ ಆಗುವುದಿಲ್ಲ.

ಸ್ವಲ್ಪ ತುಂಟತನ ಬೇಕು ಅಂದರೆ ನನಗೆ ತುಂಬಾ ಇಷ್ಟವಾದದ್ದು 👀⛰️✨. 'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.' ಇದನ್ನು ಬಿಡಿಸಿದವರು ಸಾಮಾನ್ಯವಾಗಿ ಸುಮ್ಮನಿರುವುದಿಲ್ಲ. 'ಬೆಟ್ಟ ಯಾರು, ನಾನಾ ನೀವಾ?' ಅಂತ ಕೇಳಬಹುದು. ಅಲ್ಲಿಂದ 'ಹತ್ತಿರ ಬಂದು ನೋಡಿದ್ರೆ ತಾನೇ ಗೊತ್ತಾಗೋದು' ಅನ್ನೋವರೆಗೆ ದಾರಿ ನೇರ. ಯಾರೂ ಯಾರನ್ನೂ ಒತ್ತಾಯಿಸಿಲ್ಲ, ಗಾದೆಯೇ ಅಷ್ಟು ಹೇಳಿತು. ಬೇಡ ಅನ್ನಿಸಿದವರು 'ಹೌದು, ನುಣ್ಣಗಿದೆ' ಅಂತ ಹೇಳಿ ಬೇರೆ ಗಾದೆಗೆ ಹೋಗಬಹುದು. ಆ ಸ್ವಾತಂತ್ರ್ಯ ಇರುವ ಕಾರಣಕ್ಕೇ ಇದು ಒಳ್ಳೆಯ ತುಂಟತನ.

ಹಳ್ಳಿ ಒಗಟಿಗೆ ಹೋಲಿಸಿದರೆ ಎಮೋಜಿ ಗಾದೆ ಬೇಗ ಮುಗಿಯುತ್ತದೆ. ತಿರುಗಿಸಿ ಹಾಕುವುದೂ ಸುಲಭ. ಒಗಟು ಗೊತ್ತಿಲ್ಲದವರಿಗೂ ಗಾದೆ ಗೊತ್ತಿರುತ್ತದೆ, ಎಮೋಜಿ ಹುಡುಕುವುದು ಅರ್ಧ ನಿಮಿಷದ ಕೆಲಸ. ಆದರೆ ತಪ್ಪು ಉತ್ತರಗಳಿಗೆ ಇಲ್ಲಿ ಜಾಗ ಕಮ್ಮಿ. ಗೊತ್ತಾದರೆ ಗೊತ್ತಾಯಿತು, ಇಲ್ಲದಿದ್ದರೆ ಇಲ್ಲ. ಅವರ ಬಗ್ಗೆ ನಿಮಗೆ ಹೊಸದೇನೂ ತಿಳಿಯುವುದಿಲ್ಲ. ಹಾಗಾಗಿ ಬಿಸಿ ಏರಿಸೋಕೆ ಎರಡು ಮೂರು ಸುತ್ತು ಆಡಿ, ಆಮೇಲೆ ಬೇರೆ ಆಟಕ್ಕೆ ಹೊರಳಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಹೊರ ರಾಜ್ಯದಲ್ಲೋ ವಿದೇಶದಲ್ಲೋ ಬೆಳೆದ ಕನ್ನಡಿಗರಿಗೆ ಗಾದೆ ಅಷ್ಟಾಗಿ ಗೊತ್ತಿರುವುದಿಲ್ಲ. ಅವರಿಗೆ ತಿಂಡಿ ಹೆಸರು, ಊರ ಹೆಸರು ಇಡಿ.

ಎರಡು ನಿಜ, ಒಂದು ಸುಳ್ಳು

ನಿಮ್ಮ ಬಗ್ಗೆ ಮೂರು ಮಾತು ಹೇಳುತ್ತೀರಿ, ಒಂದು ಸುಳ್ಳು. ಯಾವುದು ಅಂತ ಅವರು ಕಂಡುಹಿಡಿಯಬೇಕು. ಹಿಂಜ್ ಡೇಟಿಂಗ್ ಆ್ಯಪ್‌ನಲ್ಲಿ ಇದು ಪ್ರೊಫೈಲ್‌ನ ಪ್ರಾಂಪ್ಟ್ ಆಗಿಯೇ ಇದೆ, ಹಾಗಾಗಿ ಬಹಳ ಜನಕ್ಕೆ ನಿಯಮ ಹೇಳಿಕೊಡಬೇಕಾಗಿಲ್ಲ. ನಾಲ್ಕರಲ್ಲಿ ಇದು ಮಾತ್ರ ಒಂದೇ ಸುತ್ತಿನಲ್ಲಿ ಇಬ್ಬರ ಪರಿಚಯವನ್ನೂ ಮುಂದಕ್ಕೆ ಒಯ್ಯುತ್ತದೆ.

ಹಲವರು ಇಲ್ಲಿ ಸುಳ್ಳನ್ನು ದೊಡ್ಡದು ಮಾಡುತ್ತಾರೆ. 'ನಾನು ಹಿಮಾಲಯ ಹತ್ತಿದ್ದೇನೆ, ನನಗೆ ದೋಸೆ ಇಷ್ಟ, ನನಗೊಬ್ಬ ತಮ್ಮ ಇದ್ದಾನೆ.' ಯಾವುದು ಸುಳ್ಳು ಅಂತ ಮಗುವಿಗೂ ಗೊತ್ತು. ತಿರುಗಿಸಿ ಮಾಡಬೇಕು. ನಿಜಗಳು ವಿಚಿತ್ರವಾಗಿರಲಿ, ಸುಳ್ಳು ಸಪ್ಪೆಯಾಗಿರಲಿ. ಉದಾಹರಣೆಗೆ:

ಒಂದು, ನನಗೆ ಈಜು ಬರುತ್ತೆ, ಸೈಕಲ್ ಬರಲ್ಲ.
ಎರಡು, ಬಸ್ಸಲ್ಲಿ ನಿದ್ದೆ ಹೋಗಿ ಹುಬ್ಬಳ್ಳಿ ಬದಲು ಬೆಳಗಾವಿಯಲ್ಲಿ ಇಳಿದಿದ್ದೀನಿ.
ಮೂರು, ನನಗೆ ಬೆಂಡೆಕಾಯಿ ಸೇರಲ್ಲ.

ಹೆಚ್ಚಿನವರು ಬೆಳಗಾವಿಯನ್ನು ಹಿಡಿಯುತ್ತಾರೆ. ಸುಳ್ಳು ಬೆಂಡೆಕಾಯಿ. 'ಅಂದ್ರೆ ಬೆಳಗಾವಿ ನಿಜಾನಾ?' ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಆಗ ಆ ಕಥೆ ಹೇಳಬಹುದು. ನೀವು ಕಥೆ ಹೇಳೋಕೆ ಅವಕಾಶ ಕೇಳಲಿಲ್ಲ, ಅವರೇ ಕೇಳಿಸಿಕೊಳ್ಳೋಕೆ ಬಂದರು. ಹಾಗಾಗಿ ಎರಡು ನಿಜಗಳನ್ನು ಆರಿಸುವಾಗ, ಹಿಂದೆ ಒಂದು ಕಥೆ ಇರುವುದನ್ನೇ ಆರಿಸಿ.

ಯಾವುದರ ಬಗ್ಗೆ ಸುಳ್ಳು ಹೇಳಬಾರದು ಅನ್ನುವುದೂ ಮುಖ್ಯ. ವಯಸ್ಸು, ಕೆಲಸ, ಮದುವೆ ಆಗಿದೆಯೋ ಇಲ್ಲವೋ, ಯಾವ ಊರಲ್ಲಿ ಇದ್ದೀರಿ, ಇವು ಆಟದ ಸಾಮಾನು ಅಲ್ಲ. ಆಟದಲ್ಲಿ ಹೇಳಿದ ಸುಳ್ಳು ಬಯಲಾಗದೆ ಉಳಿದರೆ, ಆಮೇಲೆ ಅದು ಬರೀ ಸುಳ್ಳಾಗುತ್ತದೆ. ಆಡಿ ಮುಗಿದ ತಕ್ಷಣ ಯಾವುದು ಸುಳ್ಳು ಅಂತ ಹೇಳಿಬಿಡಿ, ಅವರು ಊಹಿಸದೆ ಹೋದರೂ ಹೇಳಿ. ಹಾಗೆಯೇ ಇನ್ನೊಂದು ಕಡೆಯಿಂದ ಎಚ್ಚರ ಬೇಕು. ಹುಟ್ಟಿದ ದಿನ, ಓದಿದ ಮೊದಲ ಶಾಲೆ, ಸಾಕಿದ ನಾಯಿಯ ಹೆಸರು, ಇವೆಲ್ಲ ಪಾಸ್‌ವರ್ಡ್ ಮರೆತಾಗ ಕೇಳುವ ಪ್ರಶ್ನೆಗಳ ಉತ್ತರ. ಎದುರಿನವರು ಆಟದ ನೆಪದಲ್ಲಿ ಇಂಥವನ್ನೇ ಮತ್ತೆ ಮತ್ತೆ ಕೆದಕುತ್ತಿದ್ದರೆ ಅಲ್ಲಿ ನಿಲ್ಲಿಸಿ.

ಮೊದಲ ಮೆಸೇಜಿಗೆ ಇದು ಸ್ವಲ್ಪ ಭಾರ. ಮೂರು ಸಾಲು ಓದಿ, ಯೋಚಿಸಿ, ಆಮೇಲೆ ತಮ್ಮ ಮೂರು ಸಾಲು ಹೊಸೆಯಬೇಕು. ಒಂದು ಒಗಟು ಆಡಿ, ನಗು ಬಂದ ಮೇಲೆ ಹಾಕಿದರೆ ಚೆನ್ನಾಗಿ ಕೂರುತ್ತದೆ.

ಕೌಸ್ ಅಂಡ್ ಬುಲ್ಸ್

ಶಾಲೆಯಲ್ಲಿ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಆಡುತ್ತಿದ್ದ ಆಟ. ಒಬ್ಬರು ಮೂರು ಬೇರೆ ಬೇರೆ ಅಂಕಿಯ ಒಂದು ಸಂಖ್ಯೆ ಮನಸ್ಸಲ್ಲಿ ಇಟ್ಟುಕೊಳ್ಳುತ್ತಾರೆ, ಇನ್ನೊಬ್ಬರು ಊಹಿಸುತ್ತಾರೆ. ಅಂಕಿಯೂ ಸರಿ, ಜಾಗವೂ ಸರಿ ಇದ್ದರೆ ಬುಲ್. ಅಂಕಿ ಸರಿ, ಜಾಗ ಬೇರೆ ಆದರೆ ಕೌ.

ಮನಸ್ಸಲ್ಲಿರುವುದು 417 ಅನ್ನಿ. ಅವರು 123 ಅಂತ ಊಹಿಸಿದರು. ಅದರಲ್ಲಿ 1 ಇದೆ, ಜಾಗ ಬೇರೆ. 'ಒಂದು ಕೌ' ಅಂತ ಉತ್ತರ. ಮೊದಲು 720 ಸಾಧ್ಯತೆ ಇದ್ದದ್ದು ಈ ಒಂದು ಉತ್ತರಕ್ಕೆ 252ಕ್ಕೆ ಇಳಿಯಿತು. ಮುಂದೆ 415 ಅಂದರು. 4 ಮತ್ತು 1 ಎರಡೂ ಸರಿ ಜಾಗದಲ್ಲಿವೆ. 'ಎರಡು ಬುಲ್.' ಈಗ ಉಳಿದದ್ದು ಬರೀ 11. ಹೀಗೆ ಸಂಖ್ಯೆ ಹತ್ತಿರ ಹತ್ತಿರ ಬರುವಾಗಿನ ಸೆಳೆತ ಬೇರೆ ಯಾವ ಆಟದಲ್ಲೂ ಇಲ್ಲ. ನಾಲ್ಕು ಅಂಕಿ ಇಟ್ಟರೆ ಸಾಧ್ಯತೆ 5040 ಆಗುತ್ತದೆ. ಚಾಟ್‌ಗೆ ಅದು ಉದ್ದ ಆಯಿತು, ಮೂರೇ ಸಾಕು.

ಆದರೆ ಶುರುವಿಗೆ ಇದು ಬೇಡ. ಅಂಕಿಗಳಲ್ಲಿ ಪ್ರೀತಿಯ ಮಾತಿಗೆ ಜಾಗ ಇಲ್ಲ, ನಿಯಮ ಹೇಳೋಕೇ ನಾಲ್ಕು ಸಾಲು ಬೇಕು. ಇದರ ಬಲ ಇರುವುದು ನಿಧಾನದಲ್ಲಿ. ಒಬ್ಬರು ಬೆಂಗಳೂರಲ್ಲಿ, ಇನ್ನೊಬ್ಬರು ನ್ಯೂಜೆರ್ಸಿಯಲ್ಲಿ ಇದ್ದರೆ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ವ್ಯತ್ಯಾಸ. ಇಬ್ಬರೂ ಒಟ್ಟಿಗೆ ಎಚ್ಚರ ಇರುವ ಹೊತ್ತೇ ಕಮ್ಮಿ. ಅಂಥವರಿಗೆ ಇದು ಹೇಳಿ ಮಾಡಿಸಿದ ಆಟ. ಮಲಗುವ ಮುಂಚೆ ಒಂದು ಊಹೆ ಕಳಿಸಿದರೆ, ಏಳುವ ಹೊತ್ತಿಗೆ ಉತ್ತರ ಇರುತ್ತದೆ. ಊಹೆಯ ಜೊತೆಗೆ ಆ ದಿನದ ಒಂದು ಮಾತೂ ಬರುತ್ತದೆ. ಒಂದೇ ಕಟ್ಟುನಿಟ್ಟು: ಮನಸ್ಸಲ್ಲಿ ಇಡುವ ಸಂಖ್ಯೆ ಎಟಿಎಂ ಪಿನ್‌ನದ್ದಾಗಲಿ, ಫೋನ್ ಲಾಕ್‌ನದ್ದಾಗಲಿ ಆಗಿರಬಾರದು.

ಇದೇ ಸಾಲಿನ ಹುಲಿ, ಮೇಕೆ, ಹುಲ್ಲಿನ ಕಟ್ಟು ನದಿ ದಾಟಿಸುವ ಲೆಕ್ಕ, ಕಡ್ಡಿಪೆಟ್ಟಿಗೆಯ ಕಡ್ಡಿ ಸರಿಸುವ ಲೆಕ್ಕ, ಇಂಥವನ್ನು ನಾನು ಸೂಚಿಸುವುದಿಲ್ಲ. ಅವು ಪರೀಕ್ಷೆ ಆಗುತ್ತವೆ. ಒಬ್ಬರು ಮೇಷ್ಟ್ರು, ಇನ್ನೊಬ್ಬರು ವಿದ್ಯಾರ್ಥಿ.

ಪಣ ಇಡಬೇಕಾ?

ಆಟ ಅಂದ ಮೇಲೆ ಸೋತವರು ಏನಾದರೂ ಕೊಡಬೇಕು ಅನ್ನಿಸುವುದು ಸಹಜ. 'ಸೋತರೆ ನಂಬರ್ ಕೊಡಿ', 'ಸೋತರೆ ಫೋಟೋ ಕಳಿಸಿ' ಅನ್ನುವುದು ಸರಿಯಲ್ಲ. ಆಟದ ಹೆಸರಲ್ಲಿ ಕೇಳಿದ್ದಕ್ಕೆ ಇಲ್ಲ ಅನ್ನೋಕೆ ಅವರಿಗೆ ಮುಜುಗರ ಆಗುತ್ತದೆ. ಆ ಮುಜುಗರವನ್ನು ಬಳಸಿಕೊಳ್ಳಬಾರದು. ಕಾಫಿ ಪಣವೂ ಅಷ್ಟೇ, ಭೇಟಿ ಆಗಲೇಬೇಕು ಅನ್ನುವ ಸಾಲ ಹೊರಿಸಿದ ಹಾಗೆ ಆಗುತ್ತದೆ.

ನನಗೆ ಹಿಡಿಸಿದ ಪಣ ಕನ್ನಡದಲ್ಲೇ ಇದೆ. ಹೊಸಬರು ಒಬ್ಬರಿಗೊಬ್ಬರು 'ನೀವು' ಅಂತ ಮಾತಾಡುತ್ತಾರೆ. ಯಾವಾಗ 'ನೀನು'ಗೆ ಇಳಿಯಬೇಕು ಅನ್ನುವುದು ಇಬ್ಬರಿಗೂ ಗೊತ್ತಾಗದ ವಿಷಯ. ಸುಮ್ನೆ ಒಂದಿನ ನೀನು ಅಂದುಬಿಟ್ಟರೆ ಸಲುಗೆ ಜಾಸ್ತಿ ಆಯ್ತು ಅನ್ನಿಸಬಹುದು. ಅದನ್ನೇ ಪಣ ಇಡಿ: 'ಮುಂದಿನ ಒಗಟು ಸೋತವರು ಇವತ್ತು ರಾತ್ರಿ ತನಕ ನೀನು ಅನ್ನಬೇಕು.' ಬೇಡ ಅಂದವರು ನಗುತ್ತಾ ಬೇಡ ಅನ್ನಬಹುದು, ಯಾರಿಗೂ ನಷ್ಟ ಇಲ್ಲ. ಒಪ್ಪಿದರೆ ಆ ರಾತ್ರಿಯ ಒಂದೊಂದು 'ನೀನು'ಗೂ ಒಂದು ಕಚಗುಳಿ ಇರುತ್ತದೆ. ಬೆಳಿಗ್ಗೆ ಮತ್ತೆ 'ನೀವು'ಗೆ ಹೋಗುತ್ತಾರೋ ಇಲ್ಲವೋ ಅನ್ನುವುದನ್ನು ನೋಡಿದರೆ ಬಹಳ ವಿಷಯ ಗೊತ್ತಾಗುತ್ತದೆ.

ಯಾರಿಗೆ ಯಾವುದು

ಪ್ರೊಫೈಲ್‌ನಲ್ಲಿ ಹಿಡಿಯೋಕೆ ಏನಾದರೂ ವಿಷಯ ಇದ್ದರೆ ಅದರ ಮೇಲೆ ನೀವೇ ಕಟ್ಟಿದ ಒಗಟು. ಏನೂ ಬರೆದಿಲ್ಲ, ಎರಡು ಫೋಟೋ ಅಷ್ಟೇ ಅಂದರೆ ಮಳೆಯ ಒಗಟು ಅಥವಾ ಎಮೋಜಿ ಗಾದೆ. ಬಂಬಲ್‌ನಂಥ ಆ್ಯಪ್‌ನಲ್ಲಿ ಉತ್ತರ ಕೊಡೋಕೆ 24 ಗಂಟೆಯ ಗಡುವು ಇರುತ್ತದೆ. ಅಲ್ಲಿ ಕಷ್ಟದ ಒಗಟು ಹಾಕಿದರೆ 'ಆಮೇಲೆ ಯೋಚಿಸ್ತೀನಿ' ಅಂತ ಬದಿಗಿಟ್ಟು ಮರೆತೇಹೋಗಬಹುದು, ಹಾಗಾಗಿ ಸುಲಭದ್ದೇ ಹಾಕಿ. ಮೊದಲೇ ಸ್ವಲ್ಪ ಪರಿಚಯ ಇರುವ ಆಫೀಸಿನ ಗೆಳೆಯರು, ಮದುವೆ ಮನೆಯಲ್ಲಿ ಸಿಕ್ಕವರು ಇವರಿಗೆ ನೇರವಾಗಿ ಎರಡು ನಿಜ ಒಂದು ಸುಳ್ಳು ಹಾಕಬಹುದು. ಒಂದೇ ಒಗಟನ್ನು ಕಾಪಿ ಮಾಡಿ ಹತ್ತು ಜನಕ್ಕೆ ಕಳಿಸುವುದು ಮಾತ್ರ ಬೇಡ. ಗೆಳತಿಯರು ಸ್ಕ್ರೀನ್‌ಶಾಟ್ ಹಂಚಿಕೊಳ್ಳುತ್ತಾರೆ.

ಆಟ ಹಿಡಿಸಿದೆಯೋ ಇಲ್ಲವೋ ಅಂತ ತಿಳಿಯುವುದು ಕಷ್ಟ ಅಲ್ಲ. ತಪ್ಪಾದರೂ ಪರವಾಗಿಲ್ಲ ಅಂತ ಊಹಿಸುತ್ತಿದ್ದರೆ ಹಿಡಿಸಿದೆ. ತಾವೇ ಒಂದು ತಿರುಗಿಸಿ ಹಾಕಿದರೆ ಖಂಡಿತ ಹಿಡಿಸಿದೆ. 'ಗೊತ್ತಿಲ್ಲ, ನೀವೇ ಹೇಳಿ' ಅಂದರೆ ಸತಾಯಿಸದೆ ಉತ್ತರ ಹೇಳಿ, ಆ ಉತ್ತರದ ವಸ್ತುವಿನ ಬಗ್ಗೆ ಒಂದು ಸಾದಾ ಪ್ರಶ್ನೆ ಕೇಳಿ. ಕೆಲವರಿಗೆ ಆಟ ಬೇಡ, ಮಾತು ಬೇಕಿರುತ್ತದೆ. ಎರಡು ಸಲ ಬರೀ 'ಹಹ' ಬಂದರೆ ಒಗಟಿನ ಚೀಲ ಕಟ್ಟಿಡಿ. ಮೂರು ನಾಲ್ಕು ಸುತ್ತು ಚೆನ್ನಾಗಿ ನಡೆದರೂ ನಡುವೆ ನಿಲ್ಲಿಸಬೇಕು. ಆಟದಲ್ಲಿ ಬಂದ ಒಂದು ಉತ್ತರವನ್ನು, ಆ ಮ್ಯಾನೇಜರ್ ಕಥೆಯನ್ನೋ ಬೆಳಗಾವಿ ಕಥೆಯನ್ನೋ, ಎತ್ತಿಕೊಂಡು ಮಾತಾಡಿ. ಇಲ್ಲದಿದ್ದರೆ ಹದಿನೈದು ಒಗಟು ಆದ ಮೇಲೂ ಒಬ್ಬರ ಬಗ್ಗೆ ಒಬ್ಬರಿಗೆ ಏನೂ ಗೊತ್ತಿರುವುದಿಲ್ಲ.

ಒಗಟು ಕಳಿಸಿ ಉತ್ತರವೇ ಬರಲಿಲ್ಲ ಅನ್ನಿ. 'ನೋಡಿದ್ರಾ?', 'ಕಷ್ಟ ಆಯ್ತಾ?' ಅಂತ ಮೇಲಿಂದ ಮೇಲೆ ಕೇಳಬೇಡಿ. ಎರಡು ದಿನ ಬಿಟ್ಟು 'ಉತ್ತರ ಮಳೆ. ನಿಮ್ಮೂರಲ್ಲಿ ಬಂತಾ?' ಅಂತ ಒಂದೇ ಒಂದು ಸಾಲು ಕಳಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಮತ್ತೆ ಬರೆಯಬೇಡಿ.